ಸೋಬಾನೆ ವಿಡಿಯೊ: ಒಪ್ಪಿಗೆ ಪತ್ರಗಳ ಕೆಲಸ ಎಲ್ಲಿಗೆ ಬಂತು

ನಾಗಮಂಗಲ ಕಡೆಯ ನಮ್ಮೂರಿನ ಸೋಬಾನೆ ಪದಗಳ ಚಿತ್ರೀಕರಣ ಮುಗಿದಿದೆ. ಎಡಿಟಿಂಗಿಗೆ ಕೂರುವ ಮೊದಲು ಒಪ್ಪಿಗೆ ಪತ್ರಗಳನ್ನು ಪೂರ್ತಿ ಮಾಡಿಕೊಳ್ಳುತ್ತಿದ್ದೇವೆ. ಹಾಡಿದವರಲ್ಲಿ ವಯಸ್ಸಾದ ಹೆಂಗಸರೇ ಜಾಸ್ತಿ, ಕೆಲವರಿಗೆ ಓದಲು ಬರುವುದಿಲ್ಲ. ಕಾಗದ ಕಂಡ ತಕ್ಷಣ ಕೇಳುವುದು ಒಂದೇ: "ಇದ್ಯಾತಕ್ಕೆ ಸಹಿ? ಜಮೀನಿಂದಾ?" ಹೆಬ್ಬೆಟ್ಟು ಒತ್ತಿಸಿಕೊಂಡು ಪಾಲು ತಪ್ಪಿಸಿದ ಕಥೆ ಹಳ್ಳಿಯಲ್ಲಿ ಯಾರು ಕೇಳಿಲ್ಲ? ಈ ಭಯವನ್ನು ಗೌರವಿಸಲೇಬೇಕು.

ಹಾಗಾಗಿ ಫಾರಂ ಒಂದೇ ಪುಟ, ದಪ್ಪ ಅಕ್ಷರ. ಛಾಪಾ ಕಾಗದ ಇಲ್ಲ, ಆಧಾರ್ ನಂಬರ್ ಕೇಳುವುದಿಲ್ಲ. ಕಾರ್ಬನ್ ಇಟ್ಟು ಬರೆಯುತ್ತೇವೆ, ಒಂದು ಪ್ರತಿ ಅವರ ಮನೆಯಲ್ಲೇ ಉಳಿಯುತ್ತದೆ. ಮುಂದೆ ಬೇಡ ಅನ್ನಿಸಿದರೆ ಯಾರಿಗೆ ಫೋನ್ ಮಾಡಬೇಕು ಅನ್ನೋದು ಅದರಲ್ಲೇ ಇದೆ.

ಹೆಬ್ಬೆಟ್ಟು ಒತ್ತುವವರಿಗೆ ಫಾರಂ ಓದಿ ಹೇಳುವವರು ನಮ್ಮ ತಂಡದವರಲ್ಲ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಅಕ್ಕ ಒಪ್ಪಿಕೊಂಡಿದ್ದಾರೆ. ಅವರು ಓದಿ, "ಓದಿ ತಿಳಿಸಿದ್ದೇನೆ" ಎಂದು ಬರೆದು ಸಾಕ್ಷಿ ಸಹಿ ಹಾಕುತ್ತಾರೆ. ಆಮೇಲೆ ಕ್ಯಾಮೆರಾ ಮುಂದೆ ಒಂದು ಪ್ರಶ್ನೆ. "ಒಪ್ಪಿಗೆನಾ ಅಜ್ಜಿ?" ಅಂದರೆ ಎಲ್ಲರೂ ಸುಮ್ನೆ "ಹೂಂ" ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ಇದನ್ನ ಎಲ್ಲೆಲ್ಲಿ ತೋರಿಸ್ತೀವಿ, ನೀವೇ ಹೇಳಿ" ಅಂತ ಕೇಳುತ್ತೇವೆ. ಉತ್ತರ ತಡವರಿಸಿದರೆ ಅಕ್ಕ ಮತ್ತೆ ಮೊದಲಿಂದ ಓದುತ್ತಾರೆ.

ಎಲ್ಲೆಲ್ಲಿ ಅನ್ನೋದೇ ಇಲ್ಲಿ ಮುಖ್ಯ. ಊರಲ್ಲಿ ಪರದೆ ಕಟ್ಟಿ ತೋರಿಸುವುದು, ಯೂಟ್ಯೂಬ್, ವಾಟ್ಸಾಪ್ ತುಣುಕು, ಈ ಮೂರಕ್ಕೂ ಬೇರೆ ಬೇರೆ ಚೌಕ ಇಟ್ಟಿದ್ದೇವೆ. ಒಬ್ಬ ಅಜ್ಜಿ ಮೊದಲನೆಯದಕ್ಕೆ ಮಾತ್ರ ಗುರುತು ಹಾಕಿಸಿದರು. "ಊರೋರ್ ಮುಂದೆ ಎಷ್ಟ್ ಬೇಕಾದ್ರೂ ತೋರ್ಸು. ಫೋನಿಗೆ ಬ್ಯಾಡ ಕಣಪ್ಪ, ಮಗಳ ಅತ್ತೆ ಮನೇಲಿ ನೋಡ್ತಾರೆ." ಬೀಗರನ್ನು ಛೇಡಿಸುವ ಪದ ಹಾಡಿದ್ದು ಅವರೇ! ಇಡೀ ವಿಡಿಯೊದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು. ಮುಖ ಮಸುಕು ಮಾಡಿದರೆ ಸಾಲದು, ದನಿ ಕೇಳಿದರೆ ಬೀಗರಿಗೆ ಗೊತ್ತಾಗುತ್ತದೆ. ಆದ್ದರಿಂದ ಯೂಟ್ಯೂಬ್ ಆವೃತ್ತಿಯಲ್ಲಿ ಆ ಪದವೇ ಇರುವುದಿಲ್ಲ. ಎರಡು ಆವೃತ್ತಿ ಮಾಡುವುದು ಹೆಚ್ಚು ಕೆಲಸ, ಆದರೆ ಅದೇ ಸರಿ.

ಹಾಡಿದವರ ಫಾರಂ, ಸುಮ್ನೆ ಕೂತು ಕೇಳಿದವರ ಫಾರಂ ಒಂದೇ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುಗಾರರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಪದ ಯಾರು ಕಟ್ಟಿದ್ದೋ ಗೊತ್ತಿಲ್ಲದಿದ್ದರೂ ಹಾಡಿದ್ದು ಅವರು ತಾನೆ. ಚಿತ್ರದಲ್ಲಿ ಸೇರಿಸಿಕೊಳ್ಳಲು ಬರವಣಿಗೆಯಲ್ಲಿ ಒಪ್ಪಿದ ಮೇಲೆ, ಬೇರೆ ಕರಾರು ಇಲ್ಲದಿದ್ದರೆ, ಆ ಚಿತ್ರದ ಬಳಕೆಯನ್ನು ಅವರು ತಡೆಯುವಂತಿಲ್ಲ. ಅಂದರೆ ಆ ಸಹಿಯ ತೂಕ ದೊಡ್ಡದು. ಅದಕ್ಕೇ ಹಾಡುಗಾರರ ಫಾರಂನಲ್ಲಿ ಎರಡು ಸಾಲು ಸೇರಿಸಿದ್ದೇವೆ: ಹಾಡಿದವರ ಹೆಸರು ಪರದೆಯ ಮೇಲೆ ಬರಬೇಕು, ದುಡ್ಡಿಗೆ ಕೊಡುವುದಾದರೆ ಮತ್ತೆ ಕೇಳಬೇಕು.

ಸೊಲ್ಲಿಗೆ ದನಿಗೂಡಿಸಿದ ಒಬ್ಬ ಹುಡುಗಿಗೆ 16 ವರ್ಷ. ಅಜ್ಜಿ ಪಕ್ಕದಲ್ಲೇ ಇದ್ದು ಸಹಿ ಹಾಕಲು ತಯಾರಿದ್ದರು. ಆದರೆ ಅಪ್ಪ ಅಮ್ಮ ಇರುವಾಗ ಅಜ್ಜಿಯ ಸಹಿ ನಡೆಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ಹಬ್ಬಕ್ಕೆ ಬಂದಾಗ ಎದುರಿಗೇ ಕೇಳುತ್ತೇವೆ. ಹುಡುಗಿಯನ್ನೂ ಬೇರೆಯಾಗಿ ಕೇಳಬೇಕು. ಅಪ್ಪ ಹೂಂ ಅಂದು ಅವಳು ಬೇಡ ಅಂದರೆ, ಬೇಡ.

ಯಾವ ಫಾರಂ ಯಾವ ಮುಖದ್ದು ಎಂದು ತಿಳಿಯಲು ಒಬ್ಬೊಬ್ಬರೂ ತಮ್ಮ ಫಾರಂ ನಂಬರ್ ಬರೆದ ಸ್ಲೇಟು ಹಿಡಿದು ನಿಂತ ಫೋಟೊ ತೆಗೆದಿದ್ದೇವೆ. ಒಂದೇ ಹೆಸರಿನ ಲಕ್ಷ್ಮಮ್ಮಂದಿರು ಇರುವ ಊರಲ್ಲಿ ಹೆಸರಷ್ಟೇ ಇದ್ದರೆ ಪ್ರಯೋಜನವಿಲ್ಲ. ಈಗ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತಾ, ಪ್ರತಿ ಮುಖದ ಎದುರು ನಂಬರನ್ನೂ ಯಾವ ಯಾವ ಚೌಕಕ್ಕೆ ಒಪ್ಪಿದ್ದಾರೆ ಅನ್ನುವುದನ್ನೂ ಪಟ್ಟಿಗೆ ಸೇರಿಸುತ್ತಿದ್ದೇನೆ. ಆರತಿ ದೃಶ್ಯದಲ್ಲಿ ಬಾಗಿಲ ಹತ್ತಿರ ನಿಂತ ಹಸಿರು ಸೀರೆಯವರು ಯಾರೆಂದು ಇನ್ನೂ ಗೊತ್ತಾಗಿಲ್ಲ. ಸಂಘದ ಅಕ್ಕ ಆ ದೃಶ್ಯದಿಂದ ತೆಗೆದ ಫೋಟೊ ತೋರಿಸಿ ವಿಚಾರಿಸುತ್ತಿದ್ದಾರೆ. ಸಿಗದಿದ್ದರೆ ಅಷ್ಟು ಭಾಗ ಕತ್ತರಿಸಿ, ಅಲ್ಲಿ ಆರತಿ ತಟ್ಟೆಯ ಹತ್ತಿರದ ಶಾಟ್ ಹಾಕುತ್ತೇವೆ.