15 ಮಂದಿ, ಗುರುವಾರ ರಾತ್ರಿ 9 ಗಂಟೆ

"ಕಮ್ಮಟಕ್ಕೆ ಕನಿಷ್ಠ ಎಷ್ಟು ಜನ ಹೆಸರು ಕೊಟ್ಟರೆ ನಡೆಸುತ್ತೀರಿ? ಜನ ಸಾಲದಿದ್ದರೆ ರದ್ದು ಅಂತ ಯಾವಾಗ ಹೇಳಬೇಕು?"

ಮುಂಬಯಿಯ ಕನ್ನಡ ಸಂಘಗಳಲ್ಲಿ ಕಾರ್ಯಕ್ರಮದ ಹೊಣೆ ಹೊತ್ತವರಿಗೆ ನಾನು ಮೊದಲು ಹೇಳುವುದು ಇಷ್ಟು: ಈ ಸಂಖ್ಯೆಯನ್ನೂ ದಿನಾಂಕವನ್ನೂ ನೋಂದಣಿ ತೆರೆಯುವ ಮೊದಲೇ ಗೊತ್ತುಮಾಡಿ, ಆಮಂತ್ರಣದಲ್ಲಿಯೇ ಅಚ್ಚು ಹಾಕಿಸಿ. ಜನ ಬಾರದಿರುವುದು ಕಂಡ ಮೇಲೆ ಸಮಿತಿ ಕೂತು ಗೊತ್ತುಮಾಡುವ ಸಂಖ್ಯೆ ಯಾವಾಗಲೂ ಆ ಹೊತ್ತಿನ ಆಸೆಗೆ ತಕ್ಕಂತೆ ಇಳಿಯುತ್ತದೆ.

ಮಾಟುಂಗದ ಸಭಾಗೃಹವೊಂದರಲ್ಲಿ ಶನಿವಾರ ಮತ್ತು ಭಾನುವಾರ ಯಕ್ಷಗಾನದ ಮುಖವರ್ಣಿಕೆಯ ಕಮ್ಮಟವಿದೆ ಎಂದುಕೊಳ್ಳೋಣ. ಸಭಾಗೃಹಕ್ಕೆ 9,000, ಉಡುಪಿಯಿಂದ ಬರುವ ಕಲಾವಿದರ ಸಂಭಾವನೆಗೆ 15,000, ಅವರ ಪ್ರಯಾಣ ಮತ್ತು ವಸತಿಗೆ 7,000, ಹೀಗೆ ಒಬ್ಬರು ಬಂದರೂ ಇಪ್ಪತ್ತು ಜನ ಬಂದರೂ ತಪ್ಪದ ಖರ್ಚು 31,000 ರೂಪಾಯಿ. ಶುಲ್ಕ ತಲಾ 2,000. ಅದರಲ್ಲಿ ಊಟ, ಬಣ್ಣ, ಕಾಡಿಗೆ, ಕನ್ನಡಿಗೆಂದು 600 ಹೋದರೆ ಒಬ್ಬರಿಂದ ಉಳಿಯುವುದು 1,400. ಖರ್ಚು ಪೂರ್ತಿ ಹುಟ್ಟಬೇಕಾದರೆ 23 ಜನ ಬೇಕು. ಹೆಚ್ಚಿನವರು ಈ 23ನ್ನೇ ಕನಿಷ್ಠ ಸಂಖ್ಯೆ ಎಂದು ಬರೆದುಬಿಡುತ್ತಾರೆ. ನನ್ನ ಪ್ರಕಾರ ಅದು ಶುಲ್ಕ ಗೊತ್ತುಮಾಡುವಾಗ ನೋಡಬೇಕಾದ ಸಂಖ್ಯೆಯೇ ಹೊರತು ರದ್ದು ಮಾಡುವಾಗ ನೋಡಬೇಕಾದದ್ದಲ್ಲ.

ರದ್ದು ಮಾಡಿದರೂ ಸಂಘದ ಕೈಯಿಂದ ಹಣ ಹೋಗಿಯೇ ಇರುತ್ತದೆ. ಸಭಾಗೃಹದ ಮುಂಗಡ 5,000 ಮರಳಿ ಬರುವುದಿಲ್ಲವೆಂದರೆ, ಕಮ್ಮಟ ನಿಂತರೂ ಅಷ್ಟು ನಷ್ಟ ಖಚಿತ. ಹಾಗಾಗಿ ಹೋಲಿಸಬೇಕಾದದ್ದು ಇನ್ನೂ ಉಳಿಸಬಹುದಾದ 26,000ವನ್ನು ಮಾತ್ರ, ಅದಕ್ಕೆ 19 ಜನ ಸಾಕು. ಇನ್ನು ಕಮ್ಮಟಕ್ಕೆಂದು ಸಂಘ ತನ್ನ ನಿಧಿಯಿಂದ ಹೆಚ್ಚೆಂದರೆ 10,000 ಭರಿಸಲು ಒಪ್ಪಿದ್ದರೆ 15 ಜನರಿಗೇ ನಡೆಸಬಹುದು. ರದ್ದು ಮಾಡಿದಾಗಿನ ನಷ್ಟಕ್ಕಿಂತ ಇದು 5,000 ಮಾತ್ರ ಹೆಚ್ಚು. ಆ 10,000ಕ್ಕೆ ಖಜಾಂಚಿಯವರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ.

ಕಲಿಕೆಗೂ ಒಂದು ಕನಿಷ್ಠವಿರುತ್ತದೆ. ಯಕ್ಷಗಾನದ ವೇಷಧಾರಿ ಕನ್ನಡಿಯ ಮುಂದೆ ಕೂತು ತನ್ನ ಮುಖಕ್ಕೆ ತಾನೇ ಬರೆದುಕೊಳ್ಳುವುದರಿಂದ ಇಲ್ಲಿ ನಾಲ್ಕೇ ಜನರಿದ್ದರೂ ಪಾಠ ಸಾಗುತ್ತದೆ. ತಾಳಮದ್ದಳೆಯ ಅರ್ಥಗಾರಿಕೆಯಾದರೆ ಎದುರು ಪಾತ್ರ ಬೇಕು, ಕೇಳುವ ಕಿವಿಯೂ ಬೇಕು. ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಹಿಡಿಯಿರಿ.

ದಿನಾಂಕವನ್ನು ಹಿಂದಿನಿಂದ ಎಣಿಸಬೇಕು. ಸಭಾಗೃಹದವರು 15 ದಿನ ಮೊದಲು ತಿಳಿಸಿದರೆ ಮುಂಗಡ ಬಿಟ್ಟು ಉಳಿದ ಬಾಡಿಗೆ ಕೇಳುವುದಿಲ್ಲ ಎನ್ನುತ್ತಾರೆ ಎಂದರೆ, ಶನಿವಾರದ ಕಮ್ಮಟಕ್ಕೆ ಆ ಗಡುವು ಎರಡು ವಾರ ಹಿಂದಿನ ಶುಕ್ರವಾರ. ನಿರ್ಧಾರ ಅದರ ಹಿಂದಿನ ದಿನ, ಗುರುವಾರ ರಾತ್ರಿ 9ಕ್ಕೆ ಆಗಲಿ, ಅದೇ ರಾತ್ರಿ ಎಲ್ಲರಿಗೂ ತಿಳಿಯಲಿ. ಗೋವೆಯಿಂದ ಬರುವವರಿಗೆ ರೈಲಿನ ಟಿಕೆಟು ಬೇಕು. ಕೊಂಕಣ ರೈಲ್ವೆಯ ಗಾಡಿಗಳಲ್ಲಿ ಕೊನೆಯ ವಾರ ಸೀಟು ಸಿಗುವ ಭರವಸೆಯಿಲ್ಲ, ಕಾದಿರಿಸಿದ ಟಿಕೆಟನ್ನು ತಡವಾಗಿ ರದ್ದು ಮಾಡಿದಷ್ಟೂ ಕಡಿತ ಹೆಚ್ಚು. ಪುಣೆಯವರು ಬಸ್ಸು ಹಿಡಿದು ಬಂದಾರು, ಆದರೆ ಅವರೂ ರಜೆ ಕೇಳಿರುತ್ತಾರೆ.

ತೊಡಕೆಂದರೆ ನಮ್ಮ ಜನ ಹೆಸರು ಕೊಡುವುದೇ ಕೊನೆಯ ವಾರದಲ್ಲಿ. ಭಾನುವಾರ ಯಾವ ಲೈನಿನಲ್ಲಿ ಮೆಗಾಬ್ಲಾಕ್ ಎಂದು ತಿಳಿಯುವವರೆಗೆ ಡೊಂಬಿವಲಿಯವರು ಹೂಂ ಎನ್ನುವುದಿಲ್ಲ. ಇದಕ್ಕೆ ಗಡುವನ್ನು ಮುಂದೂಡುವುದು ಪರಿಹಾರವಲ್ಲ, ಒಮ್ಮೆ ಮುಂದೂಡಿದರೆ ಮುಂದಿನ ಗಡುವನ್ನು ಯಾರೂ ನಂಬುವುದಿಲ್ಲ. ಶುಲ್ಕದ ರಿಯಾಯಿತಿಯನ್ನು ಗಡುವಿನ ವಾರದ ಮಂಗಳವಾರಕ್ಕೆ ಮುಗಿಸಿ (ರಿಯಾಯಿತಿ ಕೊಟ್ಟರೆ ಮೇಲಿನ 2,000ವನ್ನು ರಿಯಾಯಿತಿಯ ದರವೆಂದೇ ಲೆಕ್ಕ ಹಿಡಿಯಿರಿ), ಬುಧವಾರ ಮತ್ತು ಗುರುವಾರ ಒಬ್ಬೊಬ್ಬರಿಗೂ ಫೋನು ಮಾಡಿ. ಎಣಿಕೆಗೆ ಹಣ ಕಟ್ಟಿದವರು ಮಾತ್ರ. "ಬರ್ತೀನಿ, ಹೆಸರು ಬರ್ಕೊಳ್ಳಿ" ಎಂದವರು ಎಷ್ಟೇ ಆಪ್ತರಿರಲಿ, ಲೆಕ್ಕಕ್ಕಿಲ್ಲ.

ಗುರುವಾರ ರಾತ್ರಿ 14 ಆಗಿದ್ದರೆ? ನಡೆಸಿ, ಕೊರತೆ 1,400 ಮಾತ್ರ, ಸಮಿತಿಯಲ್ಲಿ ಯಾರಾದರೂ ಹೊತ್ತಾರು. ಆದರೆ 15 ಮುಟ್ಟಿದ ಮೇಲೆ ಯಾವ ಕಾರಣಕ್ಕೂ ಜನ ಸಾಲದೆಂದು ರದ್ದು ಮಾಡಬಾರದು. ಅಚ್ಚಾದ ಸಂಖ್ಯೆ ಕೆಳಗಡೆಗೆ ಸಡಿಲವಾಗಬಹುದು, ಮೇಲ್ಗಡೆಗೆ ಆಗಕೂಡದು. ಎಂಟೋ ಒಂಬತ್ತೋ ಇದ್ದರೆ ಮೊದಲ ಫೋನು ಕಲಾವಿದರಿಗೆ ಹೋಗಲಿ, ಆ ದಿನಗಳಿಗೆ ಅವರು ಬೇರೆ ಆಟ ಒಪ್ಪಿಕೊಳ್ಳಲು ಅವಕಾಶವಾಗುತ್ತದೆ. ಆಮೇಲೆ ಹಣ ಕಟ್ಟಿದವರಿಗೆ ಸಂದೇಶ: ಎಷ್ಟು ಮಂದಿ ನೋಂದಾಯಿಸಿದ್ದರು, ಪೂರ್ತಿ ಶುಲ್ಕ ಯಾವ ದಿನದೊಳಗೆ ಅವರ ಖಾತೆಗೆ ಮರಳುತ್ತದೆ, ಬರದಿದ್ದರೆ ಯಾರಿಗೆ ಫೋನು ಮಾಡಬೇಕು. "ಅನಿವಾರ್ಯ ಕಾರಣಗಳಿಂದ" ಎಂಬ ಮಾತು ಅದರಲ್ಲಿ ಬೇಡ, ಕಾರಣ ಆಮಂತ್ರಣದಲ್ಲಿಯೇ ಅಚ್ಚಾಗಿದೆ.