ಶೋಗಿಯಲ್ಲಿ ಹೊಡೆದ ಕಾಯಿ ಮನೆಗೆ ಹೋಗುವುದಿಲ್ಲ

ಚೆಸ್‌ನಲ್ಲಿ ಒಂದು ಕುದುರೆಯೋ ಒಂಟೆಯೋ ಜಾಸ್ತಿ ಸಿಕ್ಕರೆ ನಾವು ಏನು ಮಾಡುತ್ತೇವೆ? ಕಾಯಿಗೆ ಕಾಯಿ ಹೊಡೆದು ಹಲಗೆಯನ್ನು ಖಾಲಿ ಮಾಡುತ್ತಾ ಹೋಗುತ್ತೇವೆ. ಕೊನೆಗೆ ಆ ಒಂದು ಕಾಯಿಯೇ ಗೆಲ್ಲಿಸುತ್ತದೆ. ಜಪಾನಿಗೆ ಬಂದು ಇಲ್ಲಿನ ಚೆಸ್ ಆದ ಶೋಗಿ ಕಲಿಯುವ ಚೆಸ್ ಆಟಗಾರ ಮೊದಲು ಬಿಡಬೇಕಾದ ಅಭ್ಯಾಸ ಇದೇ. ಇಲ್ಲಿ ನಾನು ಹೊಡೆದ ಕಾಯಿ ನನ್ನದಾಗುತ್ತದೆ, ಅವರು ಹೊಡೆದದ್ದು ಅವರದ್ದು. ಅದನ್ನು ಹಲಗೆಯ ಪಕ್ಕ ಇಟ್ಟುಕೊಂಡಿದ್ದು, ಬೇಕೆನಿಸಿದಾಗ ಒಂದು ನಡೆಯ ಬದಲಿಗೆ ಯಾವುದಾದರೂ ಖಾಲಿ ಮನೆಯಲ್ಲಿ ಇಳಿಸಬಹುದು. ಇಬ್ಬರಿಗೂ 20-20 ಕಾಯಿ, ಒಟ್ಟು 40. ಆಟ ಮುಗಿಯುವವರೆಗೂ ಆ 40 ಕಡಿಮೆಯಾಗುವುದೇ ಇಲ್ಲ. ಕಾಯಿಗಳೆಲ್ಲ ಒಂದೇ ಬಣ್ಣ, ಚೂಪಾದ ತುದಿ ಯಾರ ಕಡೆ ತಿರುಗಿದೆಯೋ ಅವರ ಎದುರಾಳಿಯದ್ದು ಆ ಕಾಯಿ. ಹಾಗಾಗಿ ಪಕ್ಷ ಬದಲಿಸಲು ಸುಮ್ನೆ ತಿರುಗಿಸಿ ಇಟ್ಟರೆ ಸಾಕು.

ಇದರಿಂದ ಏನಾಗುತ್ತದೆ ಅನ್ನುವುದನ್ನು ಒಂದೇ ಉದಾಹರಣೆಯಲ್ಲಿ ನೋಡೋಣ. ಚೆಸ್‌ನಲ್ಲಿ ರಾಜ ತನ್ನ ಮೂರು ಕಾಲಾಳುಗಳ ಹಿಂದೆ ಸಿಕ್ಕಿಕೊಂಡಿದ್ದಾನೆ, ನನ್ನ ಆನೆ ಕೊನೆಯ ಸಾಲಿಗೆ ಇಳಿಯಿತು, ಚೆಕ್‌ಮೇಟ್. ನಮ್ಮಲ್ಲಿ ಸ್ಕೂಲ್ ಮಕ್ಕಳಿಗೂ ಗೊತ್ತಿರುವ ಪಟ್ಟು. ಶೋಗಿಯಲ್ಲಿ ಅದೇ ಆನೆ (ಇಲ್ಲಿನವರು ಹಿಶಾ ಅನ್ನುತ್ತಾರೆ) ಕೊನೆಯ ಸಾಲಿನಲ್ಲಿ ದೂರದಿಂದ ಚೆಕ್ ಕೊಟ್ಟರೆ, ಎದುರಾಳಿ ಕೈಯಲ್ಲಿರುವ ಒಂದು ಕಾಯಿಯನ್ನು ನಡುವೆ ಇಳಿಸಿ ದಾರಿ ಮುಚ್ಚುತ್ತಾನೆ. ಬರೀ ಒಂದು ಕಾಲಾಳು ಸಾಕು. ಅದನ್ನು ಚಿನ್ನ ಅನ್ನುವ ಕಾಯಿಯ ನೇರ ಹಿಂದಿನ ಮನೆಯಲ್ಲಿ ಇಳಿಸಿದರಂತೂ ಗೋಡೆ ಇನ್ನೂ ಗಟ್ಟಿ. ಚಿನ್ನ ನೇರ ಹಿಂದಕ್ಕೂ ನಡೆಯುತ್ತದೆ, ಹಾಗಾಗಿ ಆ ಕಾಲಾಳನ್ನು ಹೊಡೆಯುವ ಆನೆಯನ್ನು ಚಿನ್ನ ಹೊಡೆಯುತ್ತದೆ. ಚಿನ್ನದ ಕೆಳಗಿನ ಕಾಲಾಳು ಬಂಡೆಗಿಂತ ಗಟ್ಟಿ ಅಂತ ಇಲ್ಲಿ ಒಂದು ಗಾದೆಯೇ ಇದೆ.

ಹಾಗಾದರೆ ಮೇಟ್ ಮಾಡುವುದು ಹೇಗೆ? ನಡುವೆ ಏನೂ ಇಳಿಸಲು ಜಾಗವಿಲ್ಲದಷ್ಟು ಹತ್ತಿರದಿಂದ. ಅದಕ್ಕೆ ಬೇಕಾದ ಕಾಯಿ ಚಿನ್ನ. ಚಿನ್ನ ಒಂದೊಂದೇ ಮನೆ ನಡೆಯುತ್ತದೆ: ಮುಂದಕ್ಕೆ, ಮುಂದಿನ ಎರಡು ಮೂಲೆಗೆ, ಎಡಕ್ಕೆ, ಬಲಕ್ಕೆ, ನೇರ ಹಿಂದಕ್ಕೆ. ಹಿಂದಿನ ಮೂಲೆಗಳಿಗೆ ಮಾತ್ರ ಇಲ್ಲ. ಬೆಳ್ಳಿ ಅನ್ನುವ ಇನ್ನೊಂದು ಕಾಯಿ ಒಂದೇ ಮನೆ ಮುಂದಕ್ಕೂ ನಾಲ್ಕು ಮೂಲೆಗೂ ಹೋಗುತ್ತದೆ, ಪಕ್ಕಕ್ಕೂ ನೇರ ಹಿಂದಕ್ಕೂ ಹೋಗುವುದಿಲ್ಲ.

ಎದುರಾಳಿಯ ರಾಜ ತನ್ನ ಕೊನೆಯ ಸಾಲಿನ ಮಧ್ಯದಲ್ಲಿ ಒಬ್ಬನೇ ಇದ್ದಾನೆ ಅಂದುಕೊಳ್ಳಿ. ಅವನ ಮುಂದಿನ ಮನೆ ಖಾಲಿ, ಅದರಾಚೆಯ ಮನೆಯಲ್ಲಿ ನನ್ನ ಕಾಲಾಳು. ಆ ಖಾಲಿ ಮನೆಯಲ್ಲಿ ಚಿನ್ನ ಇಳಿಸುತ್ತೇನೆ. ರಾಜ ಪಕ್ಕಕ್ಕೆ ಸರಿದರೆ ಅದು ಚಿನ್ನದ ಮುಂದಿನ ಮೂಲೆ. ಓರೆಯಾಗಿ ಮುಂದೆ ಬಂದರೆ ಅದು ಚಿನ್ನದ ಪಕ್ಕದ ಮನೆ. ಚಿನ್ನವನ್ನೇ ಹೊಡೆಯೋಣ ಅಂದರೆ ಹಿಂದೆ ಕಾಲಾಳು ಕಾಯುತ್ತಿದೆ. ಮುಗಿಯಿತು. ಈಗ ಚಿನ್ನದ ಬದಲು ಬೆಳ್ಳಿ ಇಳಿಸಿ ನೋಡಿ. ಬೆಳ್ಳಿಗೆ ಪಕ್ಕದ ಮನೆಗಳು ಕಾಣುವುದಿಲ್ಲ, ರಾಜ ಓರೆಯಾಗಿ ಬಂದು ತಪ್ಪಿಸಿಕೊಳ್ಳುತ್ತಾನೆ. ಕೈಯಲ್ಲಿ ಒಂದು ಚಿನ್ನವನ್ನು ಕೊನೆಯವರೆಗೂ ಉಳಿಸಿಕೊ ಅಂತ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಆಡುವ ಹಿರಿಯರು ಹೊಸಬರಿಗೆ ಹೇಳುವುದು ಇದಕ್ಕೇ.

ಬಡ್ತಿಯ ನಿಯಮ ಇದರ ಜೊತೆಗೆ ಹೆಣೆದುಕೊಂಡಿದೆ. ಚೆಸ್‌ನಲ್ಲಿ ಕಾಲಾಳಿಗೆ ಮಾತ್ರ ಬಡ್ತಿ, ಅದೂ ಕೊನೆಯ ಸಾಲು ಮುಟ್ಟಿದಾಗ. ಶೋಗಿಯಲ್ಲಿ ರಾಜ ಮತ್ತು ಚಿನ್ನ ಬಿಟ್ಟು ಎಲ್ಲಕ್ಕೂ ಬಡ್ತಿ ಇದೆ. ಎದುರಾಳಿ ಕಡೆಯ ಮೂರು ಸಾಲೇ ಬಡ್ತಿಯ ಜಾಗ. ಅದರ ಒಳಗೆ ಬರುವಾಗ, ಒಳಗೇ ನಡೆಯುವಾಗ, ಅಲ್ಲಿಂದ ಹೊರಬರುವಾಗ ಕಾಯಿಯನ್ನು ಮಗುಚಿ ಇಡಬಹುದು. ಆನೆಗೆ ಓರೆಯಾಗಿ ಒಂದು ಮನೆ, ಒಂಟೆಗೆ ನೇರವಾಗಿ ಒಂದು ಮನೆ ಹೆಚ್ಚಾಗಿ ಸಿಗುತ್ತದೆ. ಉಳಿದವೆಲ್ಲ ಚಿನ್ನದ ಹಾಗೆ ನಡೆಯುತ್ತವೆ. ಬೆಳ್ಳಿಗೆ ಬಡ್ತಿ ಕೊಟ್ಟರೆ ಅದರ ಹಿಂದಿನ ಮೂಲೆಯ ನಡೆ ಹೋಗುತ್ತದೆ, ಹಾಗಾಗಿ ಬಡ್ತಿ ಬೇಡ ಅಂದು ಬೆಳ್ಳಿಯಾಗಿಯೇ ಉಳಿಸಿಕೊಳ್ಳುವುದು ದಿನನಿತ್ಯದ ಮಾತು.

ನನಗೆ ತುಂಬಾ ಹಿಡಿಸಿದ್ದು ಬಡ್ತಿ ಪಡೆದ ಕಾಲಾಳು, ತೋಕಿನ್. ಇಳಿಸುವ ಕಾಯಿ ಬಡ್ತಿಯಿಲ್ಲದೇ ಇಳಿಯಬೇಕು, ಎದುರಾಳಿಯ ಮೂರು ಸಾಲಿನೊಳಗೆ ಇಳಿಸಿದರೂ ಅಷ್ಟೆ. ಆದ್ದರಿಂದ ಆಟಗಾರರು ಕಾಲಾಳನ್ನು ಎದುರಾಳಿ ಕಡೆಯಿಂದ ನಾಲ್ಕನೇ ಸಾಲಿನಲ್ಲಿ ಸದ್ದಿಲ್ಲದೆ ಇಳಿಸುತ್ತಾರೆ. ಮುಂದಿನ ನಡೆಯಲ್ಲಿ ಅದು ಮೂರನೇ ಸಾಲಿಗೆ ಕಾಲಿಟ್ಟು ಚಿನ್ನದ ಶಕ್ತಿ ಪಡೆಯುತ್ತದೆ. ನಂತರ ಎದುರಾಳಿಯ ನಿಜವಾದ ಚಿನ್ನದ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಅವರು ತೋಕಿನ್ ಹೊಡೆದರೆ ಅವರ ಕೈಗೆ ಸಿಗುವುದು ಬರೀ ಕಾಲಾಳು, ಯಾಕೆಂದರೆ ಸೆರೆ ಸಿಕ್ಕ ಕೂಡಲೇ ಬಡ್ತಿ ಕಳಚಿ ಹೋಗುತ್ತದೆ. ತಿರುಗಿ ನಾನು ಹೊಡೆದರೆ ನನಗೆ ಸಿಗುವುದು ಚಿನ್ನ. ಚೆಸ್‌ನಲ್ಲಿ ರಾಣಿಯಾದ ಕಾಲಾಳನ್ನು ಕಳೆದುಕೊಂಡರೆ ರಾಣಿಯನ್ನೇ ಕಳೆದುಕೊಂಡ ಹಾಗೆ. ಇಲ್ಲಿ ಧೈರ್ಯವಾಗಿ ಮುಂದೆ ನೂಕಬಹುದು, ಅಲ್ವಾ?

ಇಷ್ಟು ಬಲವಿರುವ ಕಾಲಾಳಿಗೆ ಕಡಿವಾಣವೂ ಇದೆ. ಬಡ್ತಿಯಿಲ್ಲದ ನನ್ನ ಕಾಲಾಳು ಇರುವ ಉದ್ದ ಸಾಲಿನಲ್ಲಿ ಇನ್ನೊಂದನ್ನು ಇಳಿಸುವಂತಿಲ್ಲ. ಇದಕ್ಕೆ ನಿಫು ಅನ್ನುತ್ತಾರೆ, ಇಳಿಸಿದರೆ ಅಲ್ಲಿಗೇ ಸೋಲು. 2015ರಲ್ಲಿ ಟಿವಿಯಲ್ಲಿ ಬರುವ ಎನ್‌ಎಚ್‌ಕೆ ಕಪ್‌ನ ಸೆಮಿಫೈನಲ್‌ನಲ್ಲಿ ವೃತ್ತಿಪರ ಆಟಗಾರ ಹಾಶಿಮೊಟೊ ತಕನೊರಿ ಹೀಗೆಯೇ ಸೋತರು. ದೂರದ ತುದಿಯಲ್ಲಿರುವ ತನ್ನದೇ ಕಾಲಾಳು ಅಂಥವರ ಕಣ್ಣಿಗೂ ತಪ್ಪುತ್ತದೆ. ತೋಕಿನ್ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು, ಕಾಲಾಳನ್ನು ಇಳಿಸಿಯೇ ಮೇಟ್ ಮಾಡುವಂತಿಲ್ಲ. ಇಳಿಸಿ ಚೆಕ್ ಕೊಡಬಹುದು, ಹಲಗೆಯ ಮೇಲಿರುವ ಕಾಲಾಳನ್ನು ಮುಂದೆ ತಳ್ಳಿ ಮೇಟ್ ಕೂಡ ಮಾಡಬಹುದು. ಇನ್ನು ಮುಂದೆ ನಡೆಯಲು ಮನೆಯೇ ಇಲ್ಲದ ಕೊನೆಯ ಸಾಲಿನಲ್ಲಿ ಇಳಿಸುವುದಂತೂ ಇಲ್ಲವೇ ಇಲ್ಲ.

ನಿಫು ನಿಯಮ ಇಡೀ ಆಟದ ಯೋಜನೆಯನ್ನೇ ಬದಲಿಸುತ್ತದೆ. ಶೋಗಿಯ ಕಾಲಾಳು ಓರೆಯಾಗಿ ಹೊಡೆಯುವುದಿಲ್ಲ, ನೇರ ಮುಂದಿನದನ್ನೇ ಹೊಡೆಯುತ್ತದೆ. ಹಾಗಾಗಿ ಚೆಸ್‌ನಂತೆ ಒಂದನ್ನೊಂದು ಕಾಯುವ ಕಾಲಾಳುಗಳ ಸರಪಳಿ ಇಲ್ಲಿ ಕಟ್ಟಲಾಗುವುದಿಲ್ಲ. ಆನೆಯ ಮುಂದಿನ ಕಾಲಾಳನ್ನು ಬದಲಿ ಹೊಡೆಸಿದರೆ ಮೂರು ಲಾಭ: ಆನೆಗೆ ದಾರಿ ತೆರೆಯಿತು, ಕೈಗೆ ಒಂದು ಕಾಲಾಳು ಬಂತು, ಆ ಸಾಲಿನಲ್ಲಿ ಮತ್ತೆ ಇಳಿಸುವ ಹಕ್ಕು ಸಿಕ್ಕಿತು. ಮೇಲೆ ಹೇಳಿದ ಚಿನ್ನದ ಕೆಳಗಿನ ಗೋಡೆ ಕಟ್ಟುವುದಕ್ಕೂ ಆ ಉದ್ದ ಸಾಲಿನಲ್ಲಿ ನನ್ನ ಕಾಲಾಳು ಮೊದಲೇ ಇರಬಾರದು. ಕೆಲವೊಮ್ಮೆ ಸಾಲು ಬಿಡಿಸಿಕೊಳ್ಳಲೆಂದೇ ಕಾಲಾಳನ್ನು ಬಲಿ ಕೊಡುತ್ತಾರೆ.

ಆಟದ ಕೊನೆಯಲ್ಲಿ ಯಾರ ಕಾಯಿ ಹೆಚ್ಚು ಅನ್ನುವುದಕ್ಕಿಂತ ಯಾರು ಒಂದು ನಡೆ ಮುಂದಿದ್ದಾರೆ ಅನ್ನುವುದೇ ಮುಖ್ಯವಾಗುತ್ತದೆ. ನನ್ನ ರಾಜನಿಗೆ ಇನ್ನೂ ಎರಡು ನಡೆ ಸಮಯವಿದ್ದು, ಅವರ ರಾಜನಿಗೆ ಒಂದೇ ಇದ್ದರೆ, ಆನೆಯನ್ನೇ ಕೊಟ್ಟು ಒಂದು ಚಿನ್ನ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಆ ಆನೆ ಈಗ ಅವರ ಕೈಯಲ್ಲಿದೆ. ನನ್ನ ರಾಜನ ಸುತ್ತ ಅದು ಎಲ್ಲಿ ಇಳಿದರೆ ಚೆಕ್ ಅನ್ನುವುದನ್ನು ಕೊಡುವ ಮೊದಲೇ ಎಣಿಸಬೇಕು. ಊರಲ್ಲಿ ಕುಳಿತು ಇದನ್ನು ಆಡಿ ನೋಡುವ ಆಸೆಯಿದ್ದರೆ lishogi.org ಉಚಿತವಾಗಿದೆ, ಜಪಾನಿ ಅಕ್ಷರ ಓದಲು ಬಾರದವರಿಗೆ ಚಿತ್ರದ ಕಾಯಿಗಳೂ ಇವೆ. ಪೂರ್ತಿ ಆಟಕ್ಕೆ ಇಳಿಯುವ ಮೊದಲು ಒಂದು ನಡೆಯ, ಮೂರು ನಡೆಯ ಮೇಟ್ ಒಗಟುಗಳನ್ನು ಬಿಡಿಸಿ. ಅವುಗಳಲ್ಲಿ ಉತ್ತರ ಬಹಳ ಸಲ ಹಲಗೆಯ ಮೇಲಿರುವುದಿಲ್ಲ, ಪಕ್ಕದಲ್ಲಿಟ್ಟ ಕಾಯಿಗಳಲ್ಲಿರುತ್ತದೆ.