ಇತಿಹಾಸದ ಪೀರಿಯಡ್‌ನಲ್ಲಿ ಗೋಲಿಬಾರ್ ಮಾಡಿಸಬೇಡಿ

"ಸಾರ್, ಪಾತ್ರ ಮಾಡ್ಸಿದ್ರೆ ಮಕ್ಳು ನಗ್ತಾ ಕೂತ್ಕೊಳ್ತಾರೆ, ಪಾಠನೂ ಮುಗಿಯಲ್ಲ. ಕಥೆ, ನಾಟಕ ಇಟ್ಕೊಂಡು ಇತಿಹಾಸ ಕಲ್ಸೋದು ನಿಜವಾಗ್ಲೂ ಆಗುತ್ತಾ?"

ಆಗುತ್ತದೆ, ಆದರೆ ಯಾವ ಗಳಿಗೆಯನ್ನು ಆಡಿಸುತ್ತೀರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹೆಚ್ಚಿನವರು ಗಲಾಟೆಯ ಗಳಿಗೆಯನ್ನೇ ಆರಿಸುತ್ತಾರೆ. ಸ್ಕೇಲು ಬಂದೂಕಾಗುತ್ತದೆ, ನಾಲ್ಕು ಜನ ಬೀಳುತ್ತಾರೆ, ಉಳಿದವರು ನಗುತ್ತಾರೆ. ಆಡಿಸಬೇಕಾದದ್ದು ಅದಕ್ಕೆ ಸ್ವಲ್ಪ ಮುಂಚಿನ ಹೊತ್ತು: ಮುಂದೇನಾಗುತ್ತದೋ ಯಾರಿಗೂ ಗೊತ್ತಿಲ್ಲ, ಒಬ್ಬೊಬ್ಬರೂ ಏನಾದರೊಂದು ತೀರ್ಮಾನ ಮಾಡಲೇಬೇಕು.

ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನೇ ತೆಗೆದುಕೊಳ್ಳಿ. 1938ರ ಏಪ್ರಿಲ್ 25ರಂದು ಅಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಎಂಟನೇ ತರಗತಿಗೆ, ನಲವತ್ತು ಮಕ್ಕಳಿಗೆ, 40 ನಿಮಿಷದ ಎರಡು ಪೀರಿಯಡ್ ಸಾಕು.

ಮೊದಲ ದಿನ ಏಳೆಂಟು ನಿಮಿಷ ನೀವೇ ಕಥೆ ಹೇಳಿ. ಅಶ್ವತ್ಥಮರ, ಸುತ್ತಲಿನ ನಾಗರಕಲ್ಲು, ಸೇರುತ್ತಿರುವ ಜನ, ಎದುರಿಗೆ ಪೊಲೀಸರು. ಅಲ್ಲಿಗೆ ನಿಲ್ಲಿಸಿ. "ಆಮೇಲೆ ಏನಾಯ್ತು ಸಾರ್?" ಅಂದರೆ "ನಾಳೆ" ಅನ್ನಿ. ಎಂಟೆಂಟು ಜನರ ಐದು ಗುಂಪು ಮಾಡಿ, ಗುಂಪಿಗೊಂದು ಚೀಟಿ ಕೊಡಿ: ಬಾವುಟ ಹಿಡಿದ ಸ್ವಯಂಸೇವಕ, ಪೊಲೀಸ್ ಪೇದೆ, ತಾಲ್ಲೂಕಿನ ಅಮಲ್ದಾರ, ನಾಗರಕಲ್ಲಿಗೆ ಹಾಲೆರೆಯಲು ಬಂದ ತಾಯಿ, ದೇವಸ್ಥಾನದ ಬಳಿ ಕಡಲೆಪುರಿ ಮಾರುವವನು. ನಿಜವಾದ ಹುತಾತ್ಮರ ಹೆಸರನ್ನು ಪಾತ್ರಕ್ಕೆ ಇಡಬೇಡಿ. ಅವರ ಮನೆತನದ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು.

ಪೇದೆಯ ಚೀಟಿ ಹೀಗಿರಲಿ: "ನೀನು ಮೈಸೂರು ಸಂಸ್ಥಾನದ ಪೇದೆ. ಕಾಂಗ್ರೆಸ್ ಬಾವುಟ ಹಾರಿಸಲು ಬಿಡಬಾರದು ಎಂದು ಸರ್ಕಾರದ ಆಜ್ಞೆ ಇದೆ. ನಿನ್ನ ತಂಗಿ ದೇವಸ್ಥಾನಕ್ಕೆಂದು ಬಂದು ಈ ಜನರ ನಡುವೆಯೇ ಇದ್ದಾಳೆ." ಮೊದಲೆರಡು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆಯಿರಿ, ಅದು ಇತಿಹಾಸ. ತಂಗಿ ನಾವು ಕಟ್ಟಿದವಳು, ಅವಳಿಗೆ ಗೆರೆ ಇಲ್ಲ. ಐದೂ ಚೀಟಿಗೆ ಇದೇ ನಿಯಮ. ಈ ಗೆರೆ ಇಲ್ಲದಿದ್ದರೆ ಮಕ್ಕಳು ಪರೀಕ್ಷೆಯಲ್ಲಿ ತಂಗಿಯನ್ನೂ ಬರೆದು ಬರುತ್ತಾರೆ!

ಗುಂಪು ಹತ್ತು ನಿಮಿಷದಲ್ಲಿ ಮೂರು ವಾಕ್ಯ ಬರೆಯಬೇಕು: ನನಗೇನು ಗೊತ್ತು, ನನಗೇನು ಭಯ, ಈಗ ನಾನೇನು ಮಾಡುತ್ತೇನೆ. ಆಮೇಲೆ ಗುಂಪಿಗೊಬ್ಬರು ಮುಂದಿನ ಕುರ್ಚಿಯಲ್ಲಿ ಕೂರಲಿ, ಉಳಿದವರು ಮೂರು ಮೂರು ನಿಮಿಷ ಪ್ರಶ್ನೆ ಕೇಳಲಿ. ಬಟ್ಟೆ, ಮೀಸೆ, ಲಾಠಿ ಯಾವುದೂ ಬೇಡ. ಮೀಸೆ ಅಂಟಿಸಿದ ತಕ್ಷಣ ನಗು ಶುರುವಾಗುತ್ತದೆ. ಕೊನೆಗೆ ಚೀಟಿ ಮೇಜಿನ ಮೇಲಿಟ್ಟು, ತನ್ನ ನಿಜವಾದ ಹೆಸರು ಹೇಳಿ ಏಳಬೇಕು. ಇದನ್ನು ಬಿಟ್ಟರೆ ಪೇದೆಯಾದ ಹುಡುಗನನ್ನು ಆಟದ ಮೈದಾನದಲ್ಲೂ ಪೇದೆ ಅಂತಲೇ ಕಾಡುತ್ತಾರೆ.

ಕುರ್ಚಿಯ ಮುಂದೆ ಎರಡು ತಪ್ಪು ಬಂದೇ ಬರುತ್ತವೆ, ಪಾಠ ಇರುವುದೂ ಅಲ್ಲೇ. ಒಂದು, "ಬ್ರಿಟಿಷರೇ, ತೊಲಗಿ!" ಎನ್ನುವ ಸಿನಿಮಾ ಡೈಲಾಗು. ತಕ್ಷಣ ತಿದ್ದಬೇಡಿ. "ಪೇದೆಯಪ್ಪ, ನಿನಗೆ ಸಂಬಳ ಕೊಡೋರು ಯಾರು?" ಎಂದು ಕೇಳಿ. ಚೀಟಿ ನೋಡಿಕೊಂಡು "ಮೈಸೂರು ಸರ್ಕಾರ" ಅನ್ನುತ್ತಾನೆ. ಆಗ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಅಣೆಕಟ್ಟು ಕಟ್ಟಿಸಿದ ದೊರೆಯ ಕಾಲದಲ್ಲೇ ಇದೂ ನಡೆಯಿತೇ ಎಂದು ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನವನ್ನು ನೀವು ಮಾತಾಡಿ ಕೆಡಿಸಬೇಡಿ.

ಇನ್ನೊಂದು ಬಾವುಟದ್ದು. ಬೋರ್ಡಿನ ಮೇಲೆ ಬರೆಸಿದರೆ ನಡುವೆ ಅಶೋಕ ಚಕ್ರ ಬರೆಯುತ್ತಾರೆ. ಅಂದಿನ ಬಾವುಟದಲ್ಲಿ ಇದ್ದದ್ದು ಚರಕ. ಅಶೋಕ ಚಕ್ರ ಬಂದದ್ದು 1947ರಲ್ಲಿ.

ಎರಡನೇ ದಿನ ಗುಂಡು ಹಾರಿದ್ದನ್ನು ನೀವೇ ಮೆಲುದನಿಯಲ್ಲಿ ಹೇಳಿ, ಅಭಿನಯ ಬೇಡ. ಮೇ ತಿಂಗಳಲ್ಲಿ ಕಾಂಗ್ರೆಸ್ ನಾಯಕ ಸರ್ದಾರ್ ವಲ್ಲಭಭಾಯಿ ಪಟೇಲರು ಬಂದು ದಿವಾನರೊಂದಿಗೆ ಮಾತುಕತೆ ನಡೆಸಿದ್ದನ್ನೂ ಸೇರಿಸಿ. ಬಳಿಕ ಬೋರ್ಡಿನ ಮೇಲೆ ಎರಡು ಲೆಕ್ಕ ಬರೆಯಿರಿ: ಸತ್ತವರು ಸರ್ಕಾರದ ಪ್ರಕಾರ 10, ಜನರ ಪ್ರಕಾರ 30ಕ್ಕೂ ಹೆಚ್ಚು. ಯಾರಿಗೆ ಲೆಕ್ಕ ಕಡಿಮೆ ಹೇಳುವ ಕಾರಣವಿತ್ತು, ಹೆಚ್ಚು ಹೇಳುವ ಕಾರಣ ಯಾರಿಗಿತ್ತು, ಗಾಯಗೊಂಡು ಮನೆಗೆ ಹೋಗಿ ಸತ್ತವರನ್ನು ಯಾರು ಎಣಿಸಿದರು? ಕಾಲು ಗಂಟೆ ಇದಕ್ಕೇ ಬಿಡಿ. ಪಾತ್ರ ಮಾಡಿದ ಮಕ್ಕಳಾದ್ದರಿಂದ ಅಮಲ್ದಾರನ ಗುಂಪೂ ತಾಯಿಯ ಗುಂಪೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಕೊನೆಯ ಹತ್ತು ನಿಮಿಷ ಪ್ರತಿಯೊಬ್ಬರೂ ತಮ್ಮ ಪಾತ್ರದ ಹೇಳಿಕೆ ಬರೆಯಲಿ, ಐದೇ ಸಾಲು. ಕಣ್ಣಾರೆ ಕಂಡದ್ದರ ಮುಂದೆ "ಕಂ", ಕೇಳಿದ್ದರ ಮುಂದೆ "ಕೇ". ಅಂಕ ಕೊಡುವುದು ಈ ಗುರುತಿಗೆ, ನಟನೆಗಲ್ಲ. ಕಡಲೆಪುರಿಯವನು ಅಂಗಡಿ ಬಿಟ್ಟು ಓಡಿದ ಮೇಲಿನದ್ದಕ್ಕೂ "ಕಂ" ಹಾಕಿದ್ದರೆ ಹೇಳಿಕೆಯನ್ನು ವಾಪಸ್ ಕೊಟ್ಟು, "ಓಡ್ತಾ ಇದ್ದೋನು ಅದನ್ನ ಹೇಗಪ್ಪಾ ನೋಡ್ದೆ?" ಎಂದಷ್ಟೇ ಕೇಳಿ.